ಜಾಗ ಹೆಚ್ಚಿತು, ತಪ್ಪೂ ಹೆಚ್ಚಿತು

ಪ್ರೋಗ್ರಾಂ ಕೇಳಿದ ಪುಟ ಮೆಮೊರಿಯಲ್ಲಿ ಇಲ್ಲದಿದ್ದರೆ ಅದನ್ನು ಡಿಸ್ಕ್‌ನಿಂದ ತರಬೇಕು. ಇದೇ ಪೇಜ್ ಫಾಲ್ಟ್. ಜಾಗ ತುಂಬಿದ್ದರೆ ಯಾವ ಪುಟವನ್ನು ಹೊರಹಾಕುವುದು?

ಪುಟಗಳನ್ನು 1, 2, 3, 4, 1, 2, 5, 1, 2, 3, 4, 5 ಎಂಬ ಕ್ರಮದಲ್ಲಿ ಕೇಳಲಾಗುತ್ತದೆ ಎನ್ನಿ. ಮೊದಲು ಬಂದದ್ದನ್ನೇ ಮೊದಲು ಕಳಿಸುವ ಫಿಫೊ ಪದ್ಧತಿಯಲ್ಲಿ, ಮೂರು ಪುಟಗಳ ಜಾಗವಿದ್ದಾಗ 9 ಫಾಲ್ಟ್. ಜಾಗವನ್ನು ನಾಲ್ಕಕ್ಕೆ ಏರಿಸಿದರೆ ಕಡಿಮೆಯಾಗಬೇಕಲ್ಲ? ಆಗುವುದು 10! ಮೊದಲ ನಾಲ್ಕು ಪುಟ ತುಂಬಿದ ಮೇಲೆ 1, 2 ಸಿಗುತ್ತವೆ, ನಿಜ. ಆದರೆ 5 ಬಂದಾಗ, ಈಗಷ್ಟೇ ಬಳಸಿದ 1 ಹಳೆಯದೆಂದು ಹೊರಬೀಳುತ್ತದೆ. ಮುಂದಿನ ಬೇಡಿಕೆಯೇ 1. ಅದಕ್ಕಾಗಿ 2 ಹೋಗುತ್ತದೆ. ಆಮೇಲೆ ಬೇಕಾಗುವುದು 2. ಕೊನೆಯವರೆಗೂ ಇದೇ ಪಾಡು. ಬೆಲಾಡಿ ಮತ್ತು ಸಂಗಡಿಗರು 1969ರಲ್ಲಿ ಈ ವೈಪರೀತ್ಯವನ್ನು ತೋರಿಸಿದರು.

ಬಹಳ ಹೊತ್ತಿನಿಂದ ಮುಟ್ಟದ ಪುಟವನ್ನು ತೆಗೆಯುವ ಎಲ್‌ಆರ್‌ಯು, 5 ಬಂದಾಗ 3ನ್ನು ಕಳಿಸುತ್ತದೆ. ನಾಲ್ಕು ಜಾಗದಲ್ಲಿ 8 ಫಾಲ್ಟ್. ಮೂರರಲ್ಲಿ ಮಾತ್ರ 10, ಫಿಫೊಗಿಂತಲೂ ಕಳಪೆ! ಆದರೂ ಜಾಗ ಹೆಚ್ಚಿಸಿದರೆ ಇದರಲ್ಲಿ ಫಾಲ್ಟ್ ಎಂದೂ ಏರದು, ಏಕೆಂದರೆ ಮೂರು ಜಾಗದಲ್ಲಿ ಇರುವ ಪುಟಗಳೆಲ್ಲ ನಾಲ್ಕರಲ್ಲೂ ಇದ್ದೇ ಇರುತ್ತವೆ.

ಅತಿ ತಡವಾಗಿ ಬೇಕಾಗುವುದನ್ನು ತೆಗೆಯುವ ಆಪ್ಟಿಮಲ್ ಪದ್ಧತಿಗೆ ಕ್ರಮವಾಗಿ 7 ಮತ್ತು 6 ಸಾಕು. ಅದಕ್ಕೆ ಮುಂದಿನ ಬೇಡಿಕೆಗಳು ಮೊದಲೇ ಗೊತ್ತಿರಬೇಕು. ಹಾಗಾಗಿ ಅದು ಉಳಿದವನ್ನು ಅಳೆಯುವ ಅಳತೆಗೋಲಷ್ಟೇ.