ಕಟ್ಟಬಹುದೋ, ಕಟ್ಟಬಾರದೋ

ಕಾಗದದ ಮೇಲೆ ಹೀಗಿತ್ತು: “ಕಚ್ಚಿದ ಜಾಗದ ಮೇಲ್ಗಡೆ ಹಗ್ಗ ಬಿಗಿಯಾಗಿ ಕಟ್ಟಬಹುದು.”

ಓದಿದವಳೇ ಕೆಂಪು ಪೆನ್ನು ಎತ್ತಿಕೊಂಡೆ. ಹಾವು ಕಚ್ಚಿದ ಕಾಲಿಗೆ ಹಗ್ಗ ಬಿಗಿದರೆ ವಿಷ ನಿಲ್ಲುತ್ತದೆಂಬ ಭರವಸೆಯಿಲ್ಲ, ರಕ್ತ ಹರಿಯದೆ ಕಾಲೇ ಕೊಳೆಯಬಹುದು. ಎಂಬಿಬಿಎಸ್ ಕೊನೆಯ ವರ್ಷದ ಹುಡುಗ ಈ ಮಾತು ಹೇಳಿದರೆ ಸುಮ್ಮನಿರಲು ಆಗುವುದಿಲ್ಲ. ಆದರೂ ಅಂಕ ಕಳೆಯುವ ಮೊದಲು ಮೊಬೈಲಿನಲ್ಲಿದ್ದ ಧ್ವನಿಯನ್ನು ಇನ್ನೊಮ್ಮೆ ಹಾಕಿ ಕೇಳಿದೆ. ಹುಡುಗ ಹೇಳಿದ್ದು “ಕಟ್ಟಬಾರದು” ಎಂದು. ಅವನ ಮಾತಿನ ವೇಗದಲ್ಲಿ “ಬಾರ” ಎಂಬುದು ಅರ್ಧ ನುಂಗಿಹೋಗಿತ್ತು. ಬರೆದುಕೊಂಡ ಜೂನಿಯರ್ ಹುಡುಗಿಗೆ ಅದು “ಬಹುದು” ಎಂದು ಕೇಳಿಸಿತ್ತು.

ಮೆಡಿಕಲ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಯ ಜೊತೆಗೆ ವೈವಾ ಇರುತ್ತದೆ. ಪರೀಕ್ಷಕರ ಎದುರು ಕೂತು ಬಾಯಲ್ಲೇ ಉತ್ತರ ಹೇಳಬೇಕು. ನಿಜವಾದ ಪರೀಕ್ಷೆಗೆ ಮೊದಲು ನಾವು ಮಕ್ಕಳಿಗೆ ಅಣಕು ವೈವಾ ನಡೆಸುತ್ತೇವೆ. ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಉತ್ತರವನ್ನು ಅಕ್ಷರಕ್ಕಿಳಿಸಿ, ಆಮೇಲೆ ಒಂದೊಂದೇ ಮಾತನ್ನು ತೂಗಿ ನೋಡುತ್ತೇವೆ. ಬಾಯಲ್ಲಿ ಕೇಳುವಾಗ ಚೆನ್ನಾಗಿದೆ ಅನ್ನಿಸಿದ ಉತ್ತರ ಕಾಗದದ ಮೇಲೆ ಬಂದಾಗ ಬೇರೆಯೇ ಆಗಿ ಕಾಣುವುದುಂಟು. ಈ ಹುಡುಗನ ಉತ್ತರ ಅಂಥದ್ದು.

ಪ್ರಶ್ನೆ ನನ್ನದೇ. ನಲವತ್ತು ವರ್ಷದ ರೈತ, ಹೊಲದಲ್ಲಿ ಹಾವು ಕಚ್ಚಿ ಒಂದು ಗಂಟೆಗೆ ಆಸ್ಪತ್ರೆಗೆ ಬಂದಿದ್ದಾನೆ. ಹಾವನ್ನು ಯಾರೂ ಸರಿಯಾಗಿ ನೋಡಿಲ್ಲ. ಕಾಲು ಊದಿದೆ, ಒಸಡಿನಲ್ಲಿ ರಕ್ತ ಜಿನುಗುತ್ತಿದೆ. ಏನು ಮಾಡುತ್ತೀಯಪ್ಪ?

ಬರಹಕ್ಕಿಳಿದ ಉತ್ತರ ಇದು:

“ಪೇಷಂಟ್‌ಗೆ ಧೈರ್ಯ ಹೇಳಿ ಕಾಲು ಅಲುಗಾಡದ ಹಾಗೆ ಸ್ಪ್ಲಿಂಟ್ ಹಾಕ್ತೀನಿ ಮೇಡಂ. ಹಗ್ಗ ಬಿಗಿಯಾಗಿ ಕಟ್ಟಬಹುದು. ಇದು ರಸೆಲ್ಸ್ ವೈಪರ್ ಕಡಿತ. ಎರಡು ಎಂಎಲ್ ರಕ್ತ ಟ್ಯೂಬಿಗೆ ಹಾಕಿ ಇಪ್ಪತ್ತು ನಿಮಿಷ ಬಿಟ್ಟು ನೋಡ್ತೀನಿ. ಹೆಪ್ಪುಗಟ್ಟದಿದ್ದರೆ ಹತ್ತು ವಯಲ್ ಎಎಸ್‌ವಿ ಸಲೈನ್‌ನಲ್ಲಿ ಬೆರೆಸಿ ಒಂದು ಗಂಟೆಯಲ್ಲಿ ಕೊಡ್ತೀನಿ. ಕೊಡುವಾಗ ರಿಯಾಕ್ಷನ್. ಮಕ್ಕಳಿಗೆ ಐದು ವಯಲ್ ಸಾಕು. ಆರು ಗಂಟೆ ಆದ ಮೇಲೆ ಮತ್ತೆ ಟೆಸ್ಟ್ ಮಾಡ್ತೀನಿ. ನಮ್ಮ ಎಎಸ್‌ವಿ ಎಲ್ಲಾ ಹಾವಿಗೂ ಕೆಲಸ ಮಾಡುತ್ತೆ. ಬೇಗ ಕೊಟ್ಟರೆ ತೊಂಬತ್ತು ಪರ್ಸೆಂಟ್ ಜನ ಬದುಕ್ತಾರೆ.”

ಎಎಸ್‌ವಿ ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ವಯಲ್ ಅಂದರೆ ಅದರ ಪುಟ್ಟ ಸೀಸೆ.

ಇಂಥ ಬರಹ ಕೈಗೆ ಬಂದಾಗ ಸರಿತಪ್ಪಿಗೆ ಮೊದಲೇ ಇಳಿಯಬಾರದು. ಧ್ವನಿಯ ಜೊತೆ ಕೂರಿಸಿ ಓದಬೇಕು. ಅಂಕಿಗಳು, ಔಷಧದ ಹೆಸರು, “ಇಲ್ಲ”, “ಬೇಡ”, “ಬಾರದು” ಎಂಬ ನಿಷೇಧದ ಮಾತುಗಳು, ಈ ಮೂರು ಕಡೆ ಕಿವಿ ಎರಡು ಪಟ್ಟು ಚುರುಕಾಗಿರಬೇಕು. ಕನ್ನಡದಲ್ಲಿ ನಿಷೇಧ ಕ್ರಿಯಾಪದದ ಬಾಲದಲ್ಲಿರುತ್ತದೆ. ಉಸಿರು ಕಡಿಮೆಯಾಗುವುದೂ ಅಲ್ಲೇ.

ಎರಡನೆಯ ಸಲ ಕೇಳಿದಾಗ ಇನ್ನೆರಡು ಸಂಗತಿ ಸಿಕ್ಕವು. ಎರಡರಲ್ಲೂ ತಪ್ಪು ನನ್ನದು. “ಕೊಡುವಾಗ ರಿಯಾಕ್ಷನ್” ಎಂದು ಹುಡುಗ ಬಾಯಿ ತೆರೆದಿದ್ದ, ಅಷ್ಟರಲ್ಲಿ ನಾನು “ಮಕ್ಕಳಿಗೆ ಎಷ್ಟು ಡೋಸ್?” ಎಂದು ನಡುವೆ ಬಾಯಿ ಹಾಕಿದ್ದೆ. ಬರೆದವಳು ಪರೀಕ್ಷಕರ ಮಾತುಗಳನ್ನು ಬಿಟ್ಟಿದ್ದರಿಂದ, ಪ್ರತಿವಿಷದಿಂದ ಆಗಬಹುದಾದ ಅಲರ್ಜಿಯ ಬಗ್ಗೆ ಹುಡುಗನಿಗೆ ಹೇಳಲು ಏನೂ ಇರಲಿಲ್ಲ ಎಂಬಂತೆ ಕಾಣುತ್ತಿತ್ತು. ಇನ್ನೊಂದು, ಆ ಆರು ಗಂಟೆ. ಧ್ವನಿಯಲ್ಲಿ ಕೇಳಿದ್ದು ನನ್ನದೇ ಮಾತು: “ಆರು ಗಂಟೆ ಆದ ಮೇಲೆ ಮತ್ತೆ ಟೆಸ್ಟ್ ಮಾಡ್ತೀಯಲ್ವ?” ಅವನು ಹೇಳಿದ್ದು “ಹೂಂ ಮೇಡಂ, ಮಾಡ್ತೀನಿ” ಅಷ್ಟೇ. ಬರಹದಲ್ಲಿ ಇಬ್ಬರ ಮಾತೂ ಸೇರಿ ಅವನ ಉತ್ತರವಾಗಿತ್ತು.

ಹೀಗೆ ಒಂದು ಕಡೆ ಅವನಿಗೆ ಸಿಗಬೇಕಾದ ಅವಕಾಶ ತಪ್ಪಿತ್ತು, ಇನ್ನೊಂದು ಕಡೆ ಅವನದಲ್ಲದ ತಿಳಿವಳಿಕೆ ಅವನ ಲೆಕ್ಕಕ್ಕೆ ಬಿದ್ದಿತ್ತು. ಮೌಖಿಕ ಉತ್ತರವನ್ನು ಬರೆಯುವಾಗ ಕೇಳುವವರ ಮಾತನ್ನೂ ಬರೆಯಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಬರಹ ಸರಿಹೋದ ಮೇಲೆ ಉತ್ತರವನ್ನು ಬಿಡಿಸಿ, ಒಂದು ಸಾಲಿಗೆ ಒಂದೇ ಹೇಳಿಕೆ ಬರುವಂತೆ ಬರೆದುಕೊಳ್ಳುತ್ತೇನೆ. “ಹತ್ತು ವಯಲ್ ಸಲೈನ್‌ನಲ್ಲಿ ಬೆರೆಸಿ ಒಂದು ಗಂಟೆಯಲ್ಲಿ” ಎಂಬುದರಲ್ಲಿ ಪ್ರಮಾಣ, ಬೆರೆಸುವ ದ್ರವ, ಅವಧಿ ಎಂಬ ಮೂರು ಹೇಳಿಕೆಗಳಿವೆ. ಇಡೀ ವಾಕ್ಯಕ್ಕೆ ಒಂದೇ ಗುರುತು ಹಾಕಿದರೆ ಎರಡು ಸರಿಗಳ ನಡುವೆ ಒಂದು ತಪ್ಪು ನುಸುಳಿಹೋಗುತ್ತದೆ. ಇಲ್ಲಿ ಮೂರೂ ಸರಿಯಿದ್ದವು.

ಮಕ್ಕಳ ಡೋಸ್ ಮಾತ್ರ ನೇರ ತಪ್ಪು. ಇದನ್ನು ಪುಸ್ತಕದ ಒಂದು ಸಾಲಿನೊಂದಿಗೆ ತಾಳೆ ನೋಡಿ ಬಿಡುವುದಕ್ಕಿಂತ ಲೆಕ್ಕ ಹಾಕಿ ತೋರಿಸುವುದು ಮೇಲು. ಒಂದು ವಯಲಿನಲ್ಲಿ 10 ಎಂಎಲ್ ಪ್ರತಿವಿಷ. ಒಂದು ಎಂಎಲ್ ಸುಮಾರು 0.6 ಮಿಲಿಗ್ರಾಂ ಮಂಡಲದ ಹಾವಿನ, ಅಂದರೆ ರಸೆಲ್ಸ್ ವೈಪರ್‌ನ, ವಿಷವನ್ನು ಕಟ್ಟಿಹಾಕುತ್ತದೆ. ಹಾಗಾದರೆ ಒಂದು ವಯಲ್‌ಗೆ 6 ಮಿಲಿಗ್ರಾಂ. ಈ ಹಾವು ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷ ಇಳಿಸುತ್ತದೆ ಎಂಬುದು ಚಿಕಿತ್ಸಾ ಮಾರ್ಗಸೂಚಿಗಳು ಆಧಾರವಾಗಿ ಹಿಡಿದಿರುವ ಅಂಕಿ. 63ನ್ನು 6ರಿಂದ ಭಾಗಿಸಿದರೆ ಹತ್ತರ ಆಸುಪಾಸು. ಈ ಲೆಕ್ಕದಲ್ಲಿ ರೋಗಿಯ ತೂಕ ಎಲ್ಲೂ ಬರುವುದಿಲ್ಲ. ಹಾವು ಮಗುವನ್ನು ನೋಡಿ ವಿಷ ಕಡಿಮೆ ಮಾಡುವುದಿಲ್ಲ, ಪ್ರತಿವಿಷ ಹುಡುಕಿಕೊಂಡು ಹೋಗುವುದು ವಿಷವನ್ನೇ ಹೊರತು ಮೈಯನ್ನಲ್ಲ. ಆದ್ದರಿಂದ ಮಗುವಿಗೂ ಅಷ್ಟೇ ವಯಲ್. ಉಳಿದ ಔಷಧಗಳನ್ನು ತೂಕಕ್ಕೆ ತಕ್ಕಂತೆ ಇಳಿಸಿ ಇಳಿಸಿ ಅಭ್ಯಾಸವಾದ ಮಕ್ಕಳು ಇಲ್ಲಿ ಎಡವುತ್ತಾರೆ. ತಪ್ಪಿನ ಬೇರು ಎಲ್ಲಿದೆಯೆಂದು ಗೊತ್ತಾದರೆ ತಿದ್ದುವುದೂ ಸುಲಭ.

“ಎಲ್ಲಾ ಹಾವಿಗೂ” ಎಂಬುದೂ ತಪ್ಪೇ. ನಮ್ಮ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಮಂಡಲದ ಹಾವು, ಗರಗಸ ಮಂಡಲ, ಈ ನಾಲ್ಕರ ವಿಷದಿಂದ. ಪಶ್ಚಿಮ ಘಟ್ಟದ ಕಾಡುತೋಟಗಳಲ್ಲಿರುವ ಹಂಪ್-ನೋಸ್ಡ್ ಪಿಟ್ ವೈಪರ್ ಎಂಬ ಪುಟ್ಟ ಹಾವು ಕಚ್ಚಿದರೆ ರಕ್ತ ಹೆಪ್ಪುಗಟ್ಟದಿರಬಹುದು, ಕಿಡ್ನಿಯೂ ಕೆಡಬಹುದು, ಈ ಪ್ರತಿವಿಷ ಅದಕ್ಕೆ ನಾಟುವುದಿಲ್ಲ. ಮಲೆನಾಡಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ವೈದ್ಯರಿಗೆ ಇದು ತಿಳಿದಿರಲೇಬೇಕು.

ಸರಿಯಾದರೂ ಸಾಲದ ಮಾತುಗಳು ಇನ್ನೊಂದು ಬಗೆ. ಉತ್ತರ ಪೂರ್ಣವೋ ಅಲ್ಲವೋ ನೋಡಲು, ಉತ್ತರವನ್ನು ಓದುವ ಮೊದಲೇ ಬರಲೇಬೇಕಾದ ಅಂಶಗಳ ಪಟ್ಟಿ ಬರೆದಿಟ್ಟುಕೊಂಡಿರಬೇಕು. ಓದಿದ ಮೇಲೆ ಪಟ್ಟಿ ಮಾಡಿದರೆ ಹುಡುಗ ಹೇಳಿದ್ದೇ ಪಟ್ಟಿಯಾಗಿಬಿಡುತ್ತದೆ, ಹೇಳದೆ ಬಿಟ್ಟದ್ದು ಕಣ್ಣಿಗೆ ಬೀಳುವುದಿಲ್ಲ. ನನ್ನ ಪಟ್ಟಿಯಲ್ಲಿ ಒಂದು ಸಾಲು: “ಹೊಸ, ಶುಚಿಯಾದ, ಒಣಗಿದ ಗಾಜಿನ ಟ್ಯೂಬ್.” ಹುಡುಗ ಹೇಳಿದ್ದು ಬರೀ “ಟ್ಯೂಬ್”. ಇದು ಸಣ್ಣ ಕೊರತೆಯಲ್ಲ. ರಕ್ತ ಹೆಪ್ಪುಗಟ್ಟುವ ಕ್ರಿಯೆ ಚುರುಕಾಗುವುದೇ ಗಾಜಿನ ಮೈ ತಾಗಿದಾಗ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಆರೋಗ್ಯವಂತನ ರಕ್ತವೂ ಇಪ್ಪತ್ತು ನಿಮಿಷಕ್ಕೆ ನೀರಾಗಿಯೇ ಉಳಿದು ದಾರಿ ತಪ್ಪಿಸಬಹುದು, ಬೇಡದವನಿಗೆ ಹತ್ತು ವಯಲ್ ಹೋಗಬಹುದು. ಟೆಟನಸ್ ಇಂಜೆಕ್ಷನ್ ಬಿಟ್ಟದ್ದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಬಿಟ್ಟುಹೋದ ಒಂದೊಂದು ಅಂಶದ ಎದುರೂ “ಇದು ಬಿಟ್ಟರೆ ರೋಗಿಗೆ ಏನಾಗುತ್ತದೆ?” ಎಂದು ಕೇಳಿಕೊಂಡೇ ನಾನು ಅಂಕ ಇಡುವುದು.

ಇನ್ನು ಆಧಾರವಿಲ್ಲದ ಮಾತುಗಳು. ಇವು ಕೇಳಲು ಇಂಪಾಗಿರುತ್ತವೆ, ಹಾಗಾಗಿ ಪರೀಕ್ಷಕರನ್ನು ಹೆಚ್ಚು ಏಮಾರಿಸುವುದೂ ಇವೇ. “ಇದು ರಸೆಲ್ಸ್ ವೈಪರ್ ಕಡಿತ” ಎಂದ ಹುಡುಗ. ಇರಬಹುದು. ಆದರೆ ಹಾವನ್ನು ಯಾರೂ ನೋಡಿಲ್ಲ ಎಂದು ಪ್ರಶ್ನೆಯಲ್ಲೇ ಇದೆ. ಊತ, ಒಸಡಿನ ರಕ್ತ ಇಷ್ಟರಿಂದ ಮಂಡಲದ ಜಾತಿಯ ಹಾವು ಎನ್ನಬಹುದು, ಗರಗಸ ಮಂಡಲ ಕಚ್ಚಿದರೂ ಇವೇ ಲಕ್ಷಣ. ಅವನ ಮಾತು ಅವನ ಕೈಯಲ್ಲಿದ್ದ ಸಾಕ್ಷ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿತ್ತು. ನಾನು ಹಾಕಿದ ಗುರುತು “ತಪ್ಪು” ಅಲ್ಲ, “ಆಧಾರ ಸಾಲದು”.

ತೊಂಬತ್ತು ಪರ್ಸೆಂಟಿನ ಕಥೆ ಬೇರೆ. ಯಾವ ಊರು, ಯಾವ ಹಾವು, ಎಷ್ಟು ಹೊತ್ತಿಗೆ ಬಂದವರು, ಎಣಿಸಿದವರು ಯಾರು? ಒಂದು ಅಂಕಿ ನಿಲ್ಲಬೇಕಾದರೆ ಇಷ್ಟಕ್ಕಾದರೂ ಉತ್ತರವಿರಬೇಕು. ಹೋಲಿಕೆಗೆ ನೋಡಿ, ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆ ಎನ್ನುವ ಅಂಕಿಯಿದೆ. ಅದು 2020ರಲ್ಲಿ ಪ್ರಕಟವಾದ ಅಧ್ಯಯನದ್ದು. ಸತ್ತವರ ಮನೆಗಳಿಗೆ ಹೋಗಿ ವಿಚಾರಿಸಿದ ಮಾಹಿತಿಯಿಂದ 2000ದಿಂದ 2019ರವರೆಗಿನ ಸಾವುಗಳನ್ನು ಅಂದಾಜು ಮಾಡಿದ್ದರು. ಅದೂ ಅಂದಾಜೇ, ಆದರೆ ಹೇಗೆ ಬಂತೆಂದು ಹಿಂದಕ್ಕೆ ಹೋಗಿ ನೋಡಬಹುದು. ಹುಡುಗನ ತೊಂಬತ್ತರ ಹಿಂದೆ ಹೋಗಿ ನೋಡಿದರೆ ಹಾಸ್ಟೆಲಿನ ಒಬ್ಬ ಸೀನಿಯರ್ ಸಿಕ್ಕ. ಅಂಥ ಮಾತಿಗೆ ನಾನು ಅಂಕ ಕಳೆಯುವುದೂ ಇಲ್ಲ, ಕೊಡುವುದೂ ಇಲ್ಲ. ಸುಳ್ಳೆಂದು ನನಗೆ ಗೊತ್ತಿಲ್ಲದ್ದನ್ನು ಸುಳ್ಳು ಎಂದು ಗುರುತು ಹಾಕಿದರೆ ಆಧಾರವಿಲ್ಲದೆ ಮಾತಾಡಿದವಳು ನಾನಾಗುತ್ತೇನೆ.

ಅಣಕು ವೈವಾದಲ್ಲಿ ಒಂದು ಸೌಲಭ್ಯವಿದೆ, ಹುಡುಗನನ್ನು ಮತ್ತೆ ಕರೆಯಬಹುದು. ಬರಹ ಮತ್ತು ಧ್ವನಿ ಎರಡೂ ತೀರ್ಮಾನಿಸಲಾಗದ ಮೂರು ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಬರೆದು ಅವನನ್ನು ಕರೆಸಿದೆ. ಈ ಸಲ ನಡುವೆ ಬಾಯಿ ಹಾಕಲಿಲ್ಲ.

“ರಿಯಾಕ್ಷನ್ ಅಂತ ಏನೋ ಹೇಳ್ತಿದ್ದೆ, ಮುಂದುವರಿಸಪ್ಪ.”

“ಅಡ್ರಿನಲಿನ್ ಮೊದಲೇ ಸಿರಿಂಜಿನಲ್ಲಿ ತುಂಬಿಟ್ಟಿರ್ತೀನಿ ಮೇಡಂ. ಮೈ ತುರಿಸಿದ್ರೆ, ಉಸಿರು ಕಟ್ಟಿದ್ರೆ, ಬಿಪಿ ಇಳಿದ್ರೆ ಎಎಸ್‌ವಿ ನಿಲ್ಲಿಸಿ ಅರ್ಧ ಮಿಲಿಗ್ರಾಂ ತೊಡೆಗೆ ಕೊಡ್ತೀನಿ.”

ಪೂರ್ತಿ ಸರಿ. ಧ್ವನಿ ಕೇಳದಿದ್ದರೆ ಈ ಅಂಕ ಅವನಿಗೆ ಸಿಗುತ್ತಲೇ ಇರಲಿಲ್ಲ.

“ಆರು ಗಂಟೆ ಯಾಕೆ?”

ಸುಮ್ಮನಾದ. ಪ್ರತಿವಿಷ ವಿಷವನ್ನು ತಡೆದರೂ ಖರ್ಚಾಗಿಹೋದ ಹೆಪ್ಪುಗಟ್ಟಿಸುವ ಅಂಶಗಳನ್ನು ಲಿವರ್ ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು, ಅದಕ್ಕೆ ಮೊದಲೇ ನೋಡಿ ಇನ್ನಷ್ಟು ವಯಲ್ ಏರಿಸಬಾರದು ಎಂದು ವಿವರಿಸಿದೆ. “ಆರು ಗಂಟೆ” ಎದುರಿದ್ದ ಸರಿ ಗುರುತನ್ನು ಅವನ ಕಣ್ಣೆದುರೇ ಹೊಡೆದುಹಾಕಿದೆ. ಅವನು ಒಪ್ಪಿಕೊಂಡ.

ಕೊನೆಗೆ ಟ್ಯೂಬ್. ಗಾಜಿನದೇ ಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. ಕಾರಣ ಹೇಳಿದ ಮೇಲೆ ಒಂದು ಕ್ಷಣ ಯೋಚಿಸಿ ಕೇಳಿದ: “ಹೊಸದು ಸಿಗದಿದ್ರೆ, ವಾರ್ಡಿನಲ್ಲಿರೋ ಹಳೇ ಗಾಜಿನ ಟ್ಯೂಬ್ ಸೋಪಿನಲ್ಲಿ ತೊಳೆದು ಬಳಸಬಹುದಾ ಮೇಡಂ?”

“ಬಾರದು” ಎಂದೆ, ಅಕ್ಷರ ಅಕ್ಷರ ಬಿಡಿಸಿ. ಸೋಪಿನ ಅಂಶ ಗಾಜಿಗೆ ಅಂಟಿಕೊಂಡಿದ್ದರೂ ರಕ್ತ ಹೆಪ್ಪುಗಟ್ಟುವುದಿಲ್ಲ.