ಡೇಟಾಬೇಸ್ ಬಾಗಿಲಲ್ಲಿ ನೂಕುನುಗ್ಗಲು

ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ಒಂದು ವೆಬ್‌ಸೈಟ್ ಅನ್ನು ಊಹಿಸಿಕೊಳ್ಳಿ. ವಿದ್ಯಾರ್ಥಿ ನೋಂದಣಿ ಸಂಖ್ಯೆ ಒತ್ತಿದೊಡನೆ ಪುಟ್ಟ ಪ್ರೋಗ್ರಾಂ ಒಂದು ಎದ್ದು, ಡೇಟಾಬೇಸ್‌ನಿಂದ ಅಂಕಗಳನ್ನು ತಂದು, ಅಂಕಪಟ್ಟಿಯ ಪಿಡಿಎಫ್ ಮಾಡಿ ಕೊಡುತ್ತದೆ. ಇಂಥದ್ದನ್ನು ಸರ್ವರ್‌ಲೆಸ್ ಫಂಕ್ಷನ್ ಎನ್ನುತ್ತಾರೆ. ಅಮೆಜಾನ್ 2014ರಲ್ಲಿ ಪರಿಚಯಿಸಿದ ಲ್ಯಾಂಬ್ಡಾ ಇದರ ಪ್ರಸಿದ್ಧ ರೂಪ. ಜನ ಹೆಚ್ಚಿದಂತೆ ಫಂಕ್ಷನ್‌ನ ಪ್ರತಿಗಳೂ ತಾವಾಗಿಯೇ ಹೆಚ್ಚುತ್ತವೆ.

ಡೇಟಾಬೇಸ್ ಹಾಗೆ ಹಿಗ್ಗುವುದಿಲ್ಲ. ಪೋಸ್ಟ್‌ಗ್ರೆಸ್ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಪ್ರೋಸೆಸ್ ತೆರೆಯುತ್ತದೆ, ಅದಕ್ಕೆ ಮೆಮೊರಿ ಬೇಕು. ಆದ್ದರಿಂದ ಅದರ ಮೂಲ ಮಿತಿ 100 ಸಂಪರ್ಕ, ಅದರಲ್ಲೂ 3 ನಿರ್ವಾಹಕರಿಗೆ ಮೀಸಲು.

ಈಗ ಲೆಕ್ಕ ನೋಡೋಣ. ಸೆಕೆಂಡಿಗೆ 800 ಮಂದಿ ಬರುತ್ತಿದ್ದಾರೆ, ಒಂದು ಫಂಕ್ಷನ್ ಮುಗಿಯಲು ಅರ್ಧ ಸೆಕೆಂಡ್ ಬೇಕು. ಲ್ಯಾಂಬ್ಡಾದ ಒಂದು ಪ್ರತಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಬ್ಬರ ಕೋರಿಕೆಯನ್ನಷ್ಟೇ ನೋಡುವುದರಿಂದ, ಸುಮಾರು 400 ಪ್ರತಿಗಳು ಏಕಕಾಲಕ್ಕೆ ಓಡುತ್ತವೆ. ಒಂದೊಂದೂ ತನ್ನದೇ ಸಂಪರ್ಕ ಕೇಳುತ್ತದೆ. ಮೊದಲ 97 ಪ್ರತಿಗಳಿಗೆ ಜಾಗ ಸಿಗುತ್ತದೆ, ಉಳಿದವುಗಳಿಗೆ `remaining connection slots are reserved` ಎಂಬ ಉತ್ತರ. ಕೆಲಸ ಮುಗಿಸಿದ ಪ್ರತಿಯನ್ನೂ ಲ್ಯಾಂಬ್ಡಾ ಕೂಡಲೇ ಅಳಿಸದೆ ಸ್ತಬ್ಧವಾಗಿಡುತ್ತದೆ. ಅದು ತೆರೆದಿಟ್ಟ ಸಂಪರ್ಕ, ಮಾತು ಮುಗಿದರೂ ಕೆಳಗಿಡದ ಫೋನಿನಂತೆ, ಜಾಗ ಹಿಡಿದುಕೊಂಡೇ ಇರುತ್ತದೆ.

ಆದರೆ ಆ ಅರ್ಧ ಸೆಕೆಂಡಿನಲ್ಲಿ ಡೇಟಾಬೇಸ್‌ನ ಕೆಲಸ ಬರೀ 20 ಮಿಲಿಸೆಕೆಂಡ್, ಉಳಿದದ್ದೆಲ್ಲ ಪಿಡಿಎಫ್ ಕೆಲಸ. 800 ಕೋರಿಕೆಗಳಿಗೆ ತಲಾ 20 ಮಿಲಿಸೆಕೆಂಡ್ ಎಂದರೆ, ಯಾವ ಕ್ಷಣದಲ್ಲಾದರೂ ನಿಜವಾಗಿ ದುಡಿಯುತ್ತಿರುವುದು ಸರಾಸರಿ 16 ಸಂಪರ್ಕ! ಇದನ್ನು ಕಣ್ಣಾರೆ ನೋಡಬಹುದು:

```sql
SELECT state, count(*) FROM pg_stat_activity GROUP BY state;
```

`idle` ಎಂಬ ಸಾಲಿನ ಎಣಿಕೆ ಬಹಳ ದೊಡ್ಡದಾಗಿ, `active` ಬೆರಳೆಣಿಕೆಯಷ್ಟಿದ್ದರೆ ರೋಗ ಇದೇ. ಮಿತಿಯನ್ನು 100ರಿಂದ 1000ಕ್ಕೆ ಏರಿಸುವುದು ಇದಕ್ಕೆ ಮದ್ದಲ್ಲ. ಅದರಿಂದ ಮೆಮೊರಿ ಕರಗುತ್ತದೆಯೇ ಹೊರತು ಸುಮ್ಮನೆ ಕುಳಿತ ಸಂಪರ್ಕಗಳು ದುಡಿಯುವುದಿಲ್ಲ.

ಪಿಜಿಬೌನ್ಸರ್ ಅಥವಾ ಅಮೆಜಾನ್‌ನ ಆರ್‌ಡಿಎಸ್ ಪ್ರಾಕ್ಸಿ ಇಂಥ ಕಡೆ ನಡುವೆ ನಿಲ್ಲುತ್ತದೆ. 400 ಪ್ರತಿಗಳೂ ಪ್ರಾಕ್ಸಿಗೆ ಸಂಪರ್ಕ ಹೊಂದುತ್ತವೆ. ಪ್ರಾಕ್ಸಿ ಡೇಟಾಬೇಸ್ ಕಡೆ ಕೆಲವೇ ಸಂಪರ್ಕಗಳನ್ನು ತೆರೆದಿಟ್ಟು, ಒಂದು ವಹಿವಾಟು ಮುಗಿದೊಡನೆ ಅದನ್ನು ಮತ್ತೊಂದು ಪ್ರತಿಗೆ ಕೊಡುತ್ತದೆ. ಒಂದು ಎಚ್ಚರ ಬೇಕು. ಪ್ರೋಗ್ರಾಂ `SET` ಆಜ್ಞೆಯಿಂದ ಸಂಪರ್ಕದ ಸ್ಥಿತಿಯನ್ನು ಬದಲಿಸಿದರೆ, ಆರ್‌ಡಿಎಸ್ ಪ್ರಾಕ್ಸಿ ಅದನ್ನು ಬೇರೆಯವರಿಗೆ ಕೊಡಲಾರದೆ ಅವರಿಗೇ ಕಟ್ಟಿಹಾಕುತ್ತದೆ. ಹಾಗಾದಾಗ ಪ್ರಾಕ್ಸಿ ಇದ್ದೂ ಉಪಯೋಗವಿಲ್ಲ.

ಅಮೆಜಾನ್‌ನ ಅರೋರಾ ಡೇಟಾಬೇಸ್‌ಗೆ ಇನ್ನೊಂದು ದಾರಿ ಡೇಟಾ ಎಪಿಐ. ಇಲ್ಲಿ ಫಂಕ್ಷನ್ ಸಂಪರ್ಕವನ್ನೇ ತೆರೆಯುವುದಿಲ್ಲ. ಪ್ರಶ್ನೆಯನ್ನು ಎಚ್‌ಟಿಟಿಪಿಎಸ್ ಮೂಲಕ ಕಳಿಸಿ ಉತ್ತರ ಪಡೆಯುತ್ತದೆ. ಒಂದು ಉತ್ತರ 1 ಮೆಬಿಬೈಟ್ ಮೀರುವಂತಿಲ್ಲ. ಅಂಕಪಟ್ಟಿಗೆ ಅಷ್ಟು ಧಾರಾಳ, ಇಡೀ ಜಿಲ್ಲೆಯ ವರದಿಗೆ ಸಾಲದು.

ಈ ಎರಡೂ ದಾರಿಗಳು ಉಳಿಸುವುದು ಸುಮ್ಮನೆ ಹಿಡಿದಿಟ್ಟ ಸಮಯವನ್ನು ಮಾತ್ರ. ಇಂಡೆಕ್ಸ್ ಇಲ್ಲದೆ ಅದೇ ಪ್ರಶ್ನೆಗೆ 200 ಮಿಲಿಸೆಕೆಂಡ್ ಹಿಡಿದರೆ, 16ರ ಬದಲು 160 ಸಂಪರ್ಕಗಳು ನಿಜವಾಗಿಯೇ ಬೇಕಾಗುತ್ತವೆ. ಆಗ ಕೋರಿಕೆಗಳು ಪ್ರಾಕ್ಸಿಯ ಮುಂದೆ ಸಾಲುಗಟ್ಟುತ್ತವೆ. ಆರ್‌ಡಿಎಸ್ ಪ್ರಾಕ್ಸಿಯಲ್ಲಿ ಈ ಕಾಯುವಿಕೆಯ ಮೂಲ ಮಿತಿ 120 ಸೆಕೆಂಡ್. ಫಲಿತಾಂಶಕ್ಕೆ ಕಾದ ವಿದ್ಯಾರ್ಥಿಗಳಿಗೆ ಅದು ಅತಿಯಾಯಿತು, ಅದನ್ನು ಕೆಲವೇ ಸೆಕೆಂಡುಗಳಿಗೆ ಇಳಿಸಿ, ಇಂಡೆಕ್ಸ್ ಹಾಕುವುದು ಒಳ್ಳೆಯದು.