ನೆಮ್ಮದಿಗೆ ಅಂಕ ಕೊಡುವುದು ಹೇಗೆ?

"ನೆಮ್ಮದಿಯಾಗಿದ್ದೀರಾ?" ಎಂದರೆ ಹೆಚ್ಚಿನವರು "ಹೂಂ, ನಡೀತಿದೆ" ಎಂದುಬಿಡುತ್ತಾರೆ. ಆ ಉತ್ತರವನ್ನು ಅಳೆಯಲಾಗದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 1998ರ ಪ್ರಶ್ನಾವಳಿ ನೆಮ್ಮದಿಯನ್ನು ಐದು ಅನುಭವಗಳಾಗಿ ಬಿಡಿಸಿತು: ಉಲ್ಲಾಸ, ಶಾಂತಿ, ಚಟುವಟಿಕೆ, ಬೆಳಗ್ಗೆ ಎದ್ದಾಗಿನ ತಾಜಾತನ, ದಿನಚರಿಯಲ್ಲಿ ಆಸಕ್ತಿ. ಕಳೆದ ಎರಡು ವಾರಗಳಲ್ಲಿ ಇವು ಎಷ್ಟು ಹೊತ್ತು ಇದ್ದವು ಎಂಬುದಕ್ಕೆ 0ಯಿಂದ 5ರವರೆಗೆ ಅಂಕ. ಮೊತ್ತವನ್ನು 4ರಿಂದ ಗುಣಿಸಿದರೆ ನೂರಕ್ಕೆ ಎಷ್ಟೆಂದು ಸಿಗುತ್ತದೆ.

ಒಬ್ಬ ಬಾಣಂತಿಯನ್ನು ನೆನೆಯಿರಿ. ನಾಲ್ಕು ಪ್ರಶ್ನೆಗಳಿಗೆ ತಲಾ 3. ರಾತ್ರಿಯೆಲ್ಲ ಮಗು ಎಬ್ಬಿಸುವುದರಿಂದ ತಾಜಾತನಕ್ಕೆ 0. ಒಟ್ಟು 12, ಅಂದರೆ ನೂರಕ್ಕೆ 48. 50ಕ್ಕಿಂತ ಕಡಿಮೆ ಬಂದರೆ ಖಿನ್ನತೆ ಇದೆಯೇ ಎಂದು ತಪಾಸಿಸುವುದು ರೂಢಿ. ಇಲ್ಲಿ ಅಂಕ ಇಳಿಸಿದ್ದು ಮನಸ್ಸೋ, ನಿದ್ದೆಯೋ? ಮೊತ್ತ ಅದನ್ನು ಹೇಳದು. ಐದೂ ಉತ್ತರಗಳನ್ನು ಬಿಡಿಬಿಡಿಯಾಗಿ ನೋಡಬೇಕು.